ಮಲ್ಪೆ ಕಡಲತೀರದಲ್ಲಿ ಕಂಡ ಮಿನುಗು

ನಕ್ಷತ್ರ ಮಿನುಗುತ್ತೆ, ಗ್ರಹ ಯಾಕೆ ಮಿನುಗಲ್ಲ?

ಇಬ್ಬರ ಬೆಳಕೂ ಬರುವುದು ಅದೇ ಗಾಳಿಯೊಳಗಿಂದ. ವ್ಯತ್ಯಾಸ ಇರುವುದು ನಮಗೆ ಕಾಣುವ ಗಾತ್ರದಲ್ಲಿ. ಹತ್ತು ರೂಪಾಯಿ ನಾಣ್ಯವನ್ನು ಸುಮಾರು 140 ಮೀಟರ್ ದೂರದಲ್ಲಿಟ್ಟರೆ ಗುರುಗ್ರಹದಷ್ಟು ಕಾಣುತ್ತದೆ. ಲುಬ್ಧಕ ನಕ್ಷತ್ರದಷ್ಟು ಕಾಣಬೇಕಾದರೆ ಅದೇ ನಾಣ್ಯವನ್ನು 900 ಕಿಲೋಮೀಟರ್ ದೂರ ಒಯ್ಯಬೇಕು, ಮಲ್ಪೆಯಿಂದ ಮುಂಬೈ ದಾಟಿ ಆಚೆ!

ಬಿಸಿ, ತಂಪು ಗಾಳಿಯ ತುಣುಕುಗಳು ಬೆಳಕನ್ನು ಅತ್ತಿತ್ತ ಬಾಗಿಸುತ್ತಲೇ ಇರುತ್ತವೆ. ನಕ್ಷತ್ರ ಬರೀ ಒಂದು ಚುಕ್ಕಿ. ಹಾಗಾಗಿ ಅದರ ಬೆಳಕು ಒಮ್ಮೆ ಕಣ್ಣಿಗೆ ಜಾಸ್ತಿ ಬೀಳುತ್ತದೆ, ಮರುಕ್ಷಣ ಕಡಿಮೆ. ಗ್ರಹವೆಂದರೆ ಚುಕ್ಕಿಗಳ ಗುಂಪು ಅಂದುಕೊಳ್ಳಿ. ಒಂದು ಚುಕ್ಕಿ ಮಂಕಾದಾಗ ಇನ್ನೊಂದು ಬೆಳಗುತ್ತದೆ, ಒಟ್ಟು ಬೆಳಕು ಹಾಗೇ ಉಳಿಯುತ್ತದೆ.

ಆದರೆ ಕಡಲಂಚಿಗೆ ಇಳಿದ ಶುಕ್ರನನ್ನು ನೋಡಿ. ಅಲ್ಲಿ ಬೆಳಕು ದಾಟಬೇಕಾದ ಗಾಳಿ ತುಂಬಾ ಜಾಸ್ತಿ, ಗ್ರಹವೂ ಮಿನುಗಬಹುದು. ಲುಬ್ಧಕವಂತೂ ಅಷ್ಟು ಕೆಳಗಿದ್ದಾಗ ಕೆಂಪು, ನೀಲಿ, ಹಸಿರಾಗಿ ಮಿಂಚುತ್ತದೆ. ಗಾಳಿ ಒಂದೊಂದು ಬಣ್ಣವನ್ನು ಒಂದೊಂದು ಥರ ಬಾಗಿಸುತ್ತದಲ್ವಾ.