ಕರೆಯುವ ಮಂತ್ರ, ಓದುವ ಚಕ್ರ

“ಸಂಪಾದಕರೇ, ಕಳೆದ ತಿಂಗಳು ಮನೆಯವರೆಲ್ಲ ಬೈಲಕುಪ್ಪೆಗೆ ಹೋಗಿದ್ದೆವು. ‘ಓಂ ಮಣಿ ಪದ್ಮೇ ಹೂಂ’ ಅಂದರೆ ‘ಕಮಲದಲ್ಲಿರುವ ಮಣಿ’ ಎಂದು ನಮ್ಮ ಗೈಡ್ ಹೇಳಿದರು. ಅಷ್ಟು ಚಿಕ್ಕ ಮಾತನ್ನು ದಿನವಿಡೀ ಯಾಕೆ ಹೇಳಬೇಕು? ಪ್ರಾರ್ಥನಾ ಚಕ್ರವನ್ನು ನನ್ನ ಮಗ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಒಬ್ಬ ಅಜ್ಜಿ ಬಂದು ಅವನ ಕೈ ಹಿಡಿದು ದಿಕ್ಕು ಬದಲಿಸಿದರು. ದಿಕ್ಕಿನಲ್ಲಿ ಏನಿದೆ? ಬಾಯಲ್ಲಿ ಹೇಳದೆ ಸುಮ್ನೆ ತಿರುಗಿಸಿದರೆ ಫಲ ಬರುತ್ತದೆಯೇ?”
— ಒಬ್ಬ ಓದುಗರು, ಹಾಸನ

ಗೈಡ್ ಹೇಳಿದ ಅರ್ಥ ತುಂಬಾ ಪ್ರಚಾರದಲ್ಲಿದೆ. ಆದರೆ ಸಂಸ್ಕೃತ ವ್ಯಾಕರಣ ಅದಕ್ಕೆ ಒಪ್ಪುವುದಿಲ್ಲ. ‘ಕಮಲದಲ್ಲಿ ಮಣಿ’ ಎಂದು ಹೇಳಬೇಕಿದ್ದರೆ ‘ಮಣಿಃ ಪದ್ಮೇ’ ಎಂದಿರಬೇಕಿತ್ತು. ಮಂತ್ರದಲ್ಲಿ ವಿಸರ್ಗ ಇಲ್ಲ. ಅಂದರೆ ‘ಮಣಿಪದ್ಮೇ’ ಎನ್ನುವುದು ಎರಡು ಪದ ಅಲ್ಲ, ಒಂದೇ ಸಮಾಸ. ಹಾಗಾದರೆ ಕೊನೆಯ ‘ಏ’ ಎಲ್ಲಿಂದ ಬಂತು? ನಮಗೆ ಅದು ಹೊಸದೇನಲ್ಲ. ಶಾರದಾ ಎಂಬ ಹೆಸರು ಕರೆಯುವಾಗ ‘ಶಾರದೇ’ ಆಗುತ್ತದೆ, ಅಂಬಿಕಾ ‘ಅಂಬಿಕೇ’ ಆಗುತ್ತದೆ, ಅಲ್ವಾ? ಹಾಗೆಯೇ ಮಣಿಪದ್ಮಾ ಎಂಬುದು ‘ಮಣಿಪದ್ಮೇ’. ಇದು ಸಂಬೋಧನೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಮಂತ್ರ ಏನನ್ನೂ ವರ್ಣಿಸುತ್ತಿಲ್ಲ, ಯಾರನ್ನೋ ಕರೆಯುತ್ತಿದೆ.

ಯಾರನ್ನು? ಅವಲೋಕಿತೇಶ್ವರನನ್ನು. ಲೋಕದ ಸಂಕಟವನ್ನು ನೋಡುತ್ತಾ ಇರುವ, ಕರುಣೆಯೇ ರೂಪವಾದ ಬೋಧಿಸತ್ವ ಅವನು. ಟಿಬೆಟಿನವರು ಚೆನ್ರೆಝಿಗ್ ಎನ್ನುತ್ತಾರೆ. ಅವನ ನಾಲ್ಕು ಕೈಗಳ ಚಿತ್ರವನ್ನು ಗಮನಿಸಿ. ಎದೆಯ ಮುಂದೆ ಎರಡು ಕೈ ಜೋಡಿಸಿದ್ದಾನೆ, ಆ ಕೈಗಳ ನಡುವೆ ಮಣಿ. ಇನ್ನೊಂದು ಬಲಗೈಯಲ್ಲಿ ಜಪಮಾಲೆ, ಇನ್ನೊಂದು ಎಡಗೈಯಲ್ಲಿ ಕಮಲ. ಮಣಿಯೂ ಪದ್ಮವೂ ಅಲ್ಲೇ ಇವೆ. ಪುರುಷ ರೂಪದವನಿಗೆ ಸ್ತ್ರೀಲಿಂಗದ ಸಂಬೋಧನೆ ಯಾಕೆ ಎಂದು ನೀವು ಕೇಳಬಹುದು. ಈ ಮಂತ್ರವನ್ನು ಹೊಗಳುವ ಹಳೆಯ ಗ್ರಂಥ ‘ಕಾರಂಡವ್ಯೂಹ ಸೂತ್ರ’. ಅದರಲ್ಲಿ ಮಂತ್ರದ ಹೆಸರೇ ‘ಷಡಕ್ಷರೀ ಮಹಾವಿದ್ಯಾ’. ವಿದ್ಯೆ ಸ್ತ್ರೀಲಿಂಗ. ಮುಂದೆ ಷಡಕ್ಷರಿಯನ್ನು ದೇವಿಯಾಗಿ ಕಡೆದ ಮೂರ್ತಿಗಳೂ ಬಂದವು. ನಮ್ಮಲ್ಲಿ ಷಡಕ್ಷರಿ ಎಂದರೆ ಥಟ್ಟನೆ ‘ಓಂ ನಮಃ ಶಿವಾಯ’ ನೆನಪಾಗುತ್ತದೆ. ಆರು ಅಕ್ಷರದ ಮಂತ್ರಕ್ಕೆ ಎರಡೂ ಕಡೆ ಒಂದೇ ಹೆಸರು ಇರುವುದು ನನಗೆ ಬಹಳ ಇಷ್ಟದ ಸಂಗತಿ.

ಮಠಗಳಲ್ಲಿ ಹೇಳಿಕೊಡುವ ಅರ್ಥ ವ್ಯಾಕರಣದ ಮೇಲೆ ನಿಂತಿಲ್ಲ. ದಲಾಯಿ ಲಾಮಾ ಅವರ ವಿವರಣೆ ಹೀಗಿದೆ: ಮಣಿ ಎಂದರೆ ಉಪಾಯ, ಅಂದರೆ ಕರುಣೆ ಮತ್ತು ಇತರರಿಗೆ ಒಳ್ಳೆಯದಾಗಲಿ ಎಂಬ ಸಂಕಲ್ಪ. ಪದ್ಮ ಎಂದರೆ ಪ್ರಜ್ಞೆ, ಅಂದರೆ ಸತ್ಯವನ್ನು ಕಾಣುವ ಅರಿವು. ಹೂಂ ಎಂದರೆ ಇವೆರಡೂ ಬೇರೆಯಾಗದೆ ಒಂದಾಗಿರುವುದು. ಇನ್ನೊಂದು ಪಾಠದಲ್ಲಿ ಆರು ಅಕ್ಷರ ಆರು ಲೋಕಕ್ಕೆ. ಓಂ ದೇವತೆಗಳಿಗೆ, ಮ ಅಸುರರಿಗೆ, ಣಿ ಮನುಷ್ಯರಿಗೆ, ಪದ್ ಪ್ರಾಣಿಗಳಿಗೆ, ಮೇ ಹಸಿದ ಪ್ರೇತಗಳಿಗೆ, ಹೂಂ ನರಕದಲ್ಲಿ ಬೇಯುತ್ತಿರುವವರಿಗೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹೇಳುವವರು ಒಂದು ಮಾತನ್ನು ಸಾವಿರ ಸಲ ಹೇಳುತ್ತಿಲ್ಲ. ಪ್ರತಿ ಸಲವೂ ಯಾರನ್ನೂ ಬಿಡದೆ ಆರೂ ಲೋಕಕ್ಕೆ ಒಂದು ಸುತ್ತು ಹೋಗಿ ಬರುತ್ತಿದ್ದಾರೆ. ಅವರ ಬಾಯಲ್ಲಿ ಅದು ‘ಓಂ ಮಣಿ ಪೇಮೆ ಹುಂಗ್’ ಎಂದು ಕೇಳಿಸುತ್ತದೆ. ಅದು ತಪ್ಪು ಉಚ್ಚಾರ ಅಲ್ಲ, ಟಿಬೆಟನ್ ನಾಲಿಗೆಯ ರೂಢಿ.

ಈಗ ಚಕ್ರದ ವಿಚಾರ. ‘ಪ್ರಾರ್ಥನಾ ಚಕ್ರ’ ಎಂಬುದು ಇಂಗ್ಲಿಷಿನಿಂದ ಬಂದ ಹೆಸರು. ಟಿಬೆಟಿನವರು ‘ಮಣಿ ಖೋರ್ಲೋ’ ಎನ್ನುತ್ತಾರೆ, ಮಣಿಯ ಚಕ್ರ ಅಷ್ಟೇ. ಪ್ರಾರ್ಥನೆ ಎಂಬ ಮಾತು ಆ ಹೆಸರಲ್ಲಿ ಇಲ್ಲ. ಕೈಯಲ್ಲಿ ಹಿಡಿಯುವ ಚಕ್ರವನ್ನು ಬಿಚ್ಚಿ ನೋಡಿದರೆ ಅದು ಏನು ಎಂದು ತಿಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಬೈಲಕುಪ್ಪೆಯ ಒಂದು ಕ್ಯಾಂಪಿನಲ್ಲಿ ಚಕ್ರ ರಿಪೇರಿ ಮಾಡುವ ಒಬ್ಬ ಹಿರಿಯರ ಪಕ್ಕ ನಾನು ಒಂದು ಮಧ್ಯಾಹ್ನ ಕೂತಿದ್ದೆ. ಅವರು ತಾಮ್ರದ ಡಬ್ಬಿಯ ಮುಚ್ಚಳ ತೆಗೆದರು. ಮಧ್ಯದಲ್ಲಿ ಒಂದು ಕಡ್ಡಿ. ಅದಕ್ಕೆ ‘ಸೋಕ್‌ಶಿಂಗ್’ ಎನ್ನುತ್ತಾರೆ, ಜೀವದ ಮರ ಎಂದರ್ಥ. ಅದರ ಸುತ್ತ ಬಿಗಿಯಾಗಿ ಸುತ್ತಿದ ಉದ್ದನೆಯ ಕಾಗದ. ಕಾಗದದ ತುಂಬ ಸಾಲು ಸಾಲಾಗಿ ಇದೇ ಆರು ಅಕ್ಷರ. ಡಬ್ಬಿಯ ಹೊರಗೆ ಸಣ್ಣ ಸರಪಳಿ, ಅದರ ತುದಿಗೆ ಒಂದು ಗುಂಡು. ಒಮ್ಮೆ ತಿರುಗಲು ಶುರುವಾದರೆ ಆ ಗುಂಡಿನ ಭಾರವೇ ಎಳೆದುಕೊಂಡು ಹೋಗುತ್ತದೆ. ತೋಳು ಬೀಸಬೇಕಾಗಿಲ್ಲ, ಮಣಿಕಟ್ಟು ಸ್ವಲ್ಪ ಅಲ್ಲಾಡಿಸಿದರೆ ಸಾಕು.

ದಿಕ್ಕು ಯಾಕೆ ಎಂದು ನಾನೂ ಕೇಳಿದೆ. ಅವರು ಮಾತಾಡಲಿಲ್ಲ. ಕಾಗದದ ಸುರುಳಿಯನ್ನು ನನ್ನ ಮುಂದೆ ನೆಟ್ಟಗೆ ಹಿಡಿದರು. ಅಕ್ಷರಗಳು ಹೊರಮುಖವಾಗಿದ್ದವು. ನನ್ನ ಹೆಬ್ಬೆರಳನ್ನು ಹಿಡಿದು ಅದರ ಮೇಲಿಟ್ಟು, ಸುರುಳಿಯನ್ನು ಪ್ರದಕ್ಷಿಣೆಯ ದಿಕ್ಕಿಗೆ ನಿಧಾನವಾಗಿ ತಿರುಗಿಸಿದರು. ಬೆರಳಿನಡಿ ಮೊದಲು ಓಂ ಬಂತು. ಆಮೇಲೆ ಮ, ಣಿ, ಪೇ, ಮೆ, ಹುಂಗ್. ಟಿಬೆಟನ್ ಲಿಪಿಯನ್ನೂ ಕನ್ನಡದ ಹಾಗೆ ಎಡದಿಂದ ಬಲಕ್ಕೆ ಓದುತ್ತಾರೆ. ಪ್ರದಕ್ಷಿಣೆಯಾಗಿ ತಿರುಗಿದರೆ ಎದುರಿಗೆ ನಿಂತವರ ಮುಂದೆ ಅಕ್ಷರಗಳು ಓದುವ ಕ್ರಮದಲ್ಲೇ ಹಾದು ಹೋಗುತ್ತವೆ. ಆಮೇಲೆ ಸುರುಳಿಯನ್ನು ತಲೆಕೆಳಗು ಮಾಡಿ ಅದೇ ದಿಕ್ಕಿಗೆ ತಿರುಗಿಸಿದರು. ಈಗ ಹುಂಗ್ ಮೊದಲು ಬಂತು, ಓಂ ಕೊನೆಗೆ. ಬಿಚ್ಚಿದ ಚಕ್ರವನ್ನು ಮತ್ತೆ ಜೋಡಿಸುವಾಗ ಆಗುವ ತಪ್ಪು ಇದೇ. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಮುಚ್ಚಳ ತೆಗೆದು ಅಕ್ಷರದ ತಲೆ ಮೇಲಿದೆಯೇ ಎಂದು ನೋಡಬೇಕು. ಒಳಗೆ ಅಕ್ಷರ ಇದೆಯೇ ಎಂದೂ ನೋಡಬೇಕು. ಒಂದು ಪ್ರವಾಸಿ ಊರಿನಲ್ಲಿ ನಾನು ಕೊಂಡ ಚಂದದ ಚಕ್ರದೊಳಗೆ ಹಳೆ ಪೇಪರ್ ಚೂರು ತುರುಕಿದ್ದರು. ಆ ದಿನ ನನಗಾದ ಬೇಸರ ಇನ್ನೂ ಹೋಗಿಲ್ಲ.

ಮಠದ ಗೋಡೆಯ ಉದ್ದಕ್ಕೂ ಇರುವ ಸಾಲು ಚಕ್ರಗಳಿಗೂ ಇದೇ ಲೆಕ್ಕ. ಮಠ ನಿಮ್ಮ ಬಲಕ್ಕಿರುವಂತೆ ನಡೆಯಿರಿ. ಬಲಗೈಯಿಂದ ನಡೆಯುವ ದಿಕ್ಕಿಗೇ ತಳ್ಳಿದರೆ ಚಕ್ರ ತಾನಾಗಿ ಪ್ರದಕ್ಷಿಣೆ ತಿರುಗುತ್ತದೆ. ಮುಂದೆ ಹೋದವರು ತಿರುಗಿಸಿದ್ದು ಇನ್ನೂ ತಿರುಗುತ್ತಿದ್ದರೆ ನಿಲ್ಲಿಸಬೇಡಿ, ಮೆಲ್ಲಗೆ ಕೈ ತಾಗಿಸಿ ಮುಂದೆ ಹೋಗಿ. ಜೋರಾಗಿ ತಿರುಗಿಸಿದರೆ ಫಲ ಜಾಸ್ತಿ ಎಂದೇನೂ ಇಲ್ಲ.

ಸುಮ್ನೆ ತಿರುಗಿಸಿದರೆ? ಒಳಗೆ 10,000 ಮಂತ್ರ ಅಚ್ಚಾಗಿದ್ದರೆ ಒಂದು ಸುತ್ತಿಗೆ ಅಷ್ಟನ್ನೂ ಹೇಳಿದ ಪುಣ್ಯ ಎಂಬ ನಂಬಿಕೆ ಇದೆ. ಹೊಳೆಯ ನೀರಿನಿಂದ, ಗಾಳಿಯಿಂದ, ದೀಪದ ಬಿಸಿಯಿಂದ ತಿರುಗುವ ಚಕ್ರಗಳೂ ಇವೆ. ಆ ನೀರು, ಆ ಗಾಳಿ ತಾಗಿದ ಜೀವಿಗೂ ಒಳ್ಳೆಯದಾಗಲಿ ಎಂಬುದು ಅದರ ಹಿಂದಿನ ಆಸೆ. ಆದರೆ ಮನುಷ್ಯ ತಿರುಗಿಸುವಾಗ ಗುರುಗಳು ಕೇಳುವುದು ನಾವು ‘ಕಾಯಾ ವಾಚಾ ಮನಸಾ’ ಎನ್ನುವುದನ್ನೇ. ಚಕ್ರದ ಕೆಲಸ ಕೈಗೆ, ಮಂತ್ರ ಬಾಯಿಗೆ. ಮನಸ್ಸಿಗೆ, ಆ ಅಕ್ಷರಗಳಿಂದ ಬೆಳಕು ಹೊರಟು ಆರು ಲೋಕದ ಸಂಕಟವನ್ನು ಮುಟ್ಟುತ್ತಿದೆ ಎಂಬ ಕಲ್ಪನೆ. ಶುರುವಿನಲ್ಲಿ ‘ಇದು ಎಲ್ಲರಿಗಾಗಿ’ ಎಂದುಕೊಳ್ಳುತ್ತಾರೆ, ಮುಗಿಸುವಾಗ ಬಂದ ಪುಣ್ಯವನ್ನು ಎಲ್ಲರಿಗೂ ಬಿಟ್ಟುಕೊಡುತ್ತಾರೆ. ಮೂರರಲ್ಲಿ ಕೈಯೊಂದೇ ಕೆಲಸ ಮಾಡಿದರೆ ಪೂರ್ತಿ ವ್ಯರ್ಥ ಎನ್ನುವುದಿಲ್ಲ, ಸಾಲದು ಎನ್ನುತ್ತಾರೆ. ಈ ಮಂತ್ರವನ್ನು ಹೇಳಲು ದೀಕ್ಷೆ ಬೇಕೆಂದು ಸಾಮಾನ್ಯವಾಗಿ ಕೇಳುವುದಿಲ್ಲ. ನೀವೂ ಹೇಳಬಹುದು.

ನಿಮ್ಮ ಮಗನಿಗೆ ಒಂದು ವಿಷಯ ತಿಳಿಸಿ. ಟಿಬೆಟಿನಲ್ಲಿ ಬೋನ್ ಎಂಬ ಇನ್ನೊಂದು ಹಳೆಯ ಪರಂಪರೆ ಇದೆ. ಹಿಮಾಚಲದ ಡೋಲಾಂಜಿಯಲ್ಲಿ ಅವರ ಮೆನ್ರಿ ಮಠ ಇದೆ. ಅವರ ಮಂತ್ರ ಬೇರೆ, ‘ಓಂ ಮತ್ರಿ ಮುಯೆ ಸಲೆ ದು’. ಅವರು ಸುತ್ತು ಬರುವುದೂ ಚಕ್ರ ತಿರುಗಿಸುವುದೂ ಅಪ್ರದಕ್ಷಿಣೆಯಾಗಿ. ಅಲ್ಲಿಗೆ ಹೋದರೆ, ಅಜ್ಜಿ ತಡೆದ ಆ ದಿಕ್ಕೇ ಸರಿಯಾದ ದಿಕ್ಕು.