ಅನುಭವ ಹೆಚ್ಚಾಯಿತು ಎಂದಾಗ ಏನು ಹೇಳಬೇಕು?

“ಬೆಂಗಳೂರಿನಲ್ಲಿ ಅಕೌಂಟ್ಸ್ ಮ್ಯಾನೇಜರ್ ಆಗಿದ್ದೆ. ಹಾಸನಕ್ಕೆ ಮರಳಿ ಅಕೌಂಟೆಂಟ್ ಹುದ್ದೆಯ ಸಂದರ್ಶನಕ್ಕೆ ಹೋದರೆ, ‘ಈ ಕೆಲಸಕ್ಕೆ ನಿಮ್ಮ ಅನುಭವ ಜಾಸ್ತಿಯಾಯಿತು’ ಎನ್ನುತ್ತಾರೆ. ಏನು ಹೇಳಲಿ?”

ಹೆಚ್ಚು ಸಂಬಳದ ಕೆಲಸ ಸಿಕ್ಕ ಕೂಡಲೇ ನೀವು ಬಿಟ್ಟು ಹೋಗುತ್ತೀರಿ ಎಂಬುದೇ ಬಹುತೇಕ ಅವರ ಅಳುಕು. ಹಾಗಾಗಿ ‘ಯಾವ ಕೆಲಸವಾದರೂ ಸರಿ’ ಎನ್ನಬೇಡಿ. ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಮೊದಲು ನೇರವಾಗಿ ಕೇಳಿ: ‘ನಿಮ್ಮ ಚಿಂತೆ ಸಂಬಳದ್ದೋ, ನಾನು ಎಷ್ಟು ಕಾಲ ಇರುತ್ತೇನೆ ಎಂಬುದೋ?’ ಅವರು ಹೇಳಿದ್ದಕ್ಕಷ್ಟೇ ಉತ್ತರ ಕೊಡಿ. ಸಂಬಳವಾದರೆ, ಅವರು ಕೊಡುವ ಮೊತ್ತ ತಿಳಿದುಕೊಂಡು ಒಪ್ಪಿಗೆಯಿದ್ದರೆ ಅಲ್ಲೇ ಹೇಳಿಬಿಡಿ. ‘ನೋಡೋಣ’ ಎಂದರೆ ಕೆಟ್ಟಿತು. ಬಿಟ್ಟು ಹೋಗುವ ಭಯವಾದರೆ ಕಣ್ಣಿಗೆ ಕಾಣುವ ಕಾರಣ ಕೊಡಿ: ‘ಮನೆ ಇಲ್ಲಿಗೇ ಬದಲಾಯಿಸಿದ್ದೇವೆ, ಮಗಳನ್ನು ಇಲ್ಲಿನ ಶಾಲೆಗೆ ಸೇರಿಸಿದ್ದೇವೆ.’ ನಿಜವಿದ್ದರೆ ಮಾತ್ರ. ಆಮೇಲೆ ದಿನನಿತ್ಯದ ಕೆಲಸಕ್ಕೆ ಬನ್ನಿ: ‘ಟ್ಯಾಲಿ ಎಂಟ್ರಿ, ಬ್ಯಾಂಕ್ ಲೆಕ್ಕದ ತಾಳೆ, ಜಿಎಸ್‌ಟಿ ರಿಟರ್ನ್ ನಾನೇ ಕೂತು ಮಾಡುತ್ತೇನೆ.’

ಕೆಲವೆಡೆ ಈ ಮಾತಿನ ಹಿಂದೆ ಇರುವುದು ವಯಸ್ಸಿನ ಲೆಕ್ಕಾಚಾರ. ಅಲ್ಲಿ ಯಾವ ಉತ್ತರವೂ ನಾಟದಿರಬಹುದು. ಮುಂದಿನ ಅರ್ಜಿಯಲ್ಲಿ ಎಷ್ಟು ಜನರನ್ನು ನಡೆಸಿದಿರಿ ಎಂಬುದನ್ನು ಕೆಳಗಿಳಿಸಿ, ಕೈಯಾರೆ ಮಾಡಿದ ಕೆಲಸವನ್ನು ಮೇಲೆ ಬರೆಯಿರಿ.