ಕೆಯೀಲದ ಜನ ಮಾಡದೇ ಉಳಿದ ಕೆಲಸ

ಮಾನ್ಯ ಸಂಪಾದಕರೇ, ನಾಳೆ ನಾನು ಸುಳ್ಳು ಹೇಳ್ತೀನಿ ಅಂತ ದೇವರಿಗೆ ಇವತ್ತೇ ಗೊತ್ತಿದ್ದರೆ, ಹೇಳದೇ ಇರೋದು ನನ್ನ ಕೈಲಿದೆಯಾ? 'ಗೊತ್ತಿರೋದು ಬೇರೆ, ಮಾಡಿಸೋದು ಬೇರೆ' ಅಂತ ಹಿರಿಯರೊಬ್ಬರು ಹೇಳಿದರು. ಸಮಾಧಾನ ಆಗಲಿಲ್ಲ. ಬೇರೆ ಬೇರೆ ಮತದವರು ಏನು ಹೇಳಿದ್ದಾರೆ?
— ಒಬ್ಬ ಓದುಗ

ಸಮಾಧಾನ ಆಗದೇ ಇದ್ದದ್ದು ಸಹಜ. ಹಿರಿಯರ ಮಾತು ಸುಳ್ಳಲ್ಲ, ಆದರೆ ಗಂಟು ಇರುವುದು ಅಲ್ಲಲ್ಲ, ಕಾಲದಲ್ಲಿ. ಆಗಿಹೋದದ್ದನ್ನು ಯಾರೂ ಬದಲಿಸಲಾರರು ಅಲ್ವಾ? ದೇವರು ನಿನ್ನೆಯೇ ತಿಳಿದಿದ್ದ ಎನ್ನುವುದೂ ಆಗಿಹೋದದ್ದೇ. ಅವನು ತಿಳಿದದ್ದು ತಪ್ಪಾಗುವಂತೆಯೂ ಇಲ್ಲ. ಹಾಗಾಗಿ ಅವನು ನಿಮ್ಮ ನಾಲಿಗೆಯನ್ನು ಮುಟ್ಟದಿದ್ದರೂ ನಾಳೆಯ ಸುಳ್ಳು ಆಗಲೇ ಗಟ್ಟಿಯಾಗಿಬಿಟ್ಟಂತೆ ಕಾಣುತ್ತದೆ.

6ನೇ ಶತಮಾನದಲ್ಲಿ, ಮರಣದಂಡನೆ ಕಾಯುತ್ತಾ ಸೆರೆಯಲ್ಲಿ ಕೂತು ಬರೆದ ರೋಮಿನ ತತ್ವಜ್ಞಾನಿ ಬೊಯಿಥಿಯಸ್ ಈ 'ನಿನ್ನೆ'ಯನ್ನೇ ತೆಗೆದುಹಾಕಿದ. ದೇವರಿಗೆ ನಿನ್ನೆ, ನಾಳೆ ಎಂಬುದಿಲ್ಲ. ಎಲ್ಲ ಕಾಲವೂ ಅವನಿಗೆ ಒಂದೇ ನೋಟ. ನಡೆಯುತ್ತಿರುವವನನ್ನು ನಾವು ನೋಡಿದ ಮಾತ್ರಕ್ಕೆ ಅವನು ನಡೆಯಲೇಬೇಕಾದ ಕಟ್ಟುಪಾಡಿಗೆ ಬೀಳುವುದಿಲ್ಲವಲ್ಲ, ಹಾಗೆ. ಉತ್ತರ ಸೊಗಸಾಗಿದೆ. ಆದರೆ ದೇವರು ತಾನು ಕಂಡದ್ದನ್ನು ಒಬ್ಬ ಮನುಷ್ಯನಿಗೆ ಹೇಳಿಬಿಟ್ಟರೆ? ಆ ಮಾತು ನಮ್ಮ ಕಾಲದೊಳಗೆ ಬಂತು, ಆಗಿಹೋದದ್ದರ ಸಾಲಿಗೆ ಸೇರಿತು. ಗಂಟು ಮತ್ತೆ ಬಿಗಿಯಿತು.

ಹಾಗೆ ಹೇಳಿದ ಒಂದು ಪ್ರಸಂಗ ಬೈಬಲ್ಲಿನ ಸಮುವೇಲನ ಮೊದಲ ಪುಸ್ತಕದ 23ನೇ ಅಧ್ಯಾಯದಲ್ಲಿದೆ. ದಾವೀದ ಕೆಯೀಲ ಎಂಬ ಊರನ್ನು ಫಿಲಿಷ್ಟಿಯರಿಂದ ಕಾಪಾಡಿ ಅಲ್ಲೇ ಇದ್ದಾನೆ. ಅವನನ್ನು ಕೊಲ್ಲಲು ರಾಜ ಸೌಲ ಹೊಂಚು ಹಾಕುತ್ತಿದ್ದಾನೆ. ದಾವೀದ ದೇವರನ್ನು ಕೇಳುತ್ತಾನೆ: ಸೌಲ ಇಲ್ಲಿಗೆ ಬರುತ್ತಾನಾ? ಬರುತ್ತಾನೆ. ಊರಿನವರು ನನ್ನನ್ನು ಅವನಿಗೆ ಹಿಡಿದುಕೊಡುತ್ತಾರಾ? ಕೊಡುತ್ತಾರೆ. ದಾವೀದ ತನ್ನ ಆರುನೂರು ಜನರ ಜೊತೆ ಊರು ಬಿಡುತ್ತಾನೆ. ಸುದ್ದಿ ತಿಳಿದು ಸೌಲ ಹೊರಡುವುದೇ ಇಲ್ಲ. ಹಿಡಿದುಕೊಡುವ ಪ್ರಶ್ನೆಯೂ ಏಳುವುದಿಲ್ಲ. ದೇವರು ಹೇಳಿದ ಎರಡೂ ನಡೆಯಲಿಲ್ಲ. ಹಾಗಂತ ಅವನು ಹೇಳಿದ್ದು ಸುಳ್ಳು ಅಂತಲೂ ಯಾರೂ ಅನ್ನುವುದಿಲ್ಲ!

ಸ್ಪೇನಿನ ಜೆಸ್ಯುಯಿಟ್ ಪಾದ್ರಿ ಮೊಲಿನಾ 1588ರ ತನ್ನ ಪುಸ್ತಕದಲ್ಲಿ ವಾದ ಹೂಡಿದ್ದು ಇಂಥ ಕಡೆಯೇ. ಏನೇನು ಆಗಬಹುದು ಅಂತ ದೇವರಿಗೆ ಗೊತ್ತು. ಏನು ಆಗುತ್ತದೆ ಅಂತಲೂ ಗೊತ್ತು. ಇವೆರಡರ ನಡುವೆ ಇನ್ನೊಂದು ಅರಿವಿದೆ: ಇಂಥವನನ್ನು ಇಂಥ ಸ್ಥಿತಿಯಲ್ಲಿ ಬಿಟ್ಟರೆ ಅವನು ತಾನಾಗಿಯೇ ಏನು ಮಾಡುತ್ತಾನೆ ಎಂಬುದು. ದಾವೀದ ಅಲ್ಲೇ ಉಳಿದಿದ್ದರೆ ಊರಿನವರು ಏನು ಮಾಡುತ್ತಿದ್ದರು ಎಂಬುದು ಈ ನಡುವಿನ ಅರಿವು. ದೇವರು ಮೊದಲು ಇದನ್ನು ನೋಡಿಕೊಂಡು, ಆಮೇಲೆ ಯಾವ ಲೋಕವನ್ನು ಸೃಷ್ಟಿಸಬೇಕು ಅಂತ ನಿಶ್ಚಯಿಸುತ್ತಾನೆ. ಆಯ್ಕೆ ನಿಮ್ಮದು, ಸನ್ನಿವೇಶ ಅವನದು.

ಜಾಣ ಉಪಾಯ, ಆದರೆ ಒಂದು ಕಡೆ ಸೋರುತ್ತದೆ. ಕೆಯೀಲದವರು ಹಿಡಿದುಕೊಡಲೂ ಇಲ್ಲ, ಬಿಡಲೂ ಇಲ್ಲ. ಆಯ್ಕೆ ಮಾಡುವ ಗಳಿಗೆಯೇ ಬರಲಿಲ್ಲ. ಹಾಗಿದ್ದ ಮೇಲೆ 'ಕೊಡುತ್ತಿದ್ದರು' ಎಂಬುದನ್ನು ನಿಜ ಮಾಡಿದ್ದು ಯಾವುದು? ಅವರ ಸ್ವಭಾವ ಅಂದರೆ ಸ್ವಾತಂತ್ರ್ಯ ಹೋಯಿತು. ದೇವರೇ ಅಂದರೆ ಮೊದಲಿನ ಜಾಗಕ್ಕೇ ಬಂದೆವು. ಮೊಲಿನಾನ ಪಂಥಕ್ಕೂ ಕ್ಯಾಥೊಲಿಕ್ಕರ ಇನ್ನೊಂದು ಸಂನ್ಯಾಸಿ ಪಂಥವಾದ ಡೊಮಿನಿಕನ್ನರಿಗೂ ನಡೆದ ಜಗಳ ಪೋಪನವರೆಗೆ ಹೋಯಿತು. 1607ರಲ್ಲಿ ಪೋಪ್ ಐದನೇ ಪೌಲ್ ಯಾರ ಪರವಾಗಿಯೂ ತೀರ್ಪು ಕೊಡದೆ ಎರಡೂ ಕಡೆಯವರನ್ನು ಸುಮ್ಮನಿರಿಸಿದ.

ಯೆಹೂದಿ ಪಂಡಿತ ಗೆರ್ಸೋನಿಡಿಸ್ 14ನೇ ಶತಮಾನದಲ್ಲೇ ಬೇರೆ ದಾರಿ ಹಿಡಿದಿದ್ದ. ಇರುವ ದಾರಿಗಳೆಲ್ಲ ದೇವರಿಗೆ ಗೊತ್ತು, ನೀವು ಯಾವುದನ್ನು ಹಿಡಿಯುತ್ತೀರಿ ಎಂಬುದು ಗೊತ್ತಿಲ್ಲ. ಆ ಲೆಕ್ಕದಲ್ಲಿ ದಾವೀದನಿಗೆ ಸಿಕ್ಕಿದ್ದು ಮುನ್ಸೂಚನೆಗಿಂತ ಜಾಸ್ತಿ ಒಂದು ಎಚ್ಚರಿಕೆ. ನನಗೆ ಇದು ಎಲ್ಲಕ್ಕಿಂತ ನೇರವಾದ ಉತ್ತರ ಅನಿಸುತ್ತದೆ, ಆದರೆ ಸರ್ವಜ್ಞತ್ವವನ್ನು ಇಷ್ಟು ಮೊಟಕು ಮಾಡಲು ಹೆಚ್ಚಿನ ಭಕ್ತರು ಒಪ್ಪುವುದಿಲ್ಲ. ಇಸ್ಲಾಮಿನ ಅಶ್‌ಅರೀ ಪಂಥ ಇದಕ್ಕೆ ಪೂರ್ತಿ ಎದುರು ತುದಿ: ಕೆಲಸವನ್ನು ಸೃಷ್ಟಿಸುವವನು ಅಲ್ಲಾಹನೇ, ಮನುಷ್ಯ ಅದನ್ನು ತನ್ನದಾಗಿಸಿಕೊಳ್ಳುತ್ತಾನೆ ಅಷ್ಟೆ. ಆ 'ತನ್ನದಾಗಿಸಿಕೊಳ್ಳುವುದು' ಏನೆಂದು ಅವರ ವಿರೋಧಿಗಳು ಕೇಳುತ್ತಲೇ ಬಂದಿದ್ದಾರೆ.

ನಮ್ಮ ವೇದಾಂತದಲ್ಲಿ ಜಗಳ ನಡೆದದ್ದು ದೇವರ ಅರಿವಿನ ಮೇಲಲ್ಲ, ಮಾಡುವವನು ಯಾರು ಎಂಬುದರ ಮೇಲೆ. ಬ್ರಹ್ಮಸೂತ್ರದ ಎರಡನೇ ಅಧ್ಯಾಯಕ್ಕೆ ಭಾಷ್ಯ ಬರೆಯುವಾಗ ರಾಮಾನುಜರು ಜಂಟಿ ಆಸ್ತಿಯ ಉದಾಹರಣೆ ಕೊಡುತ್ತಾರೆ. ಇಬ್ಬರಿಗೆ ಸೇರಿದ ಹಣವನ್ನು ಒಬ್ಬ ಮೂರನೆಯವನಿಗೆ ಕೊಡಬೇಕಾದರೆ ಇನ್ನೊಬ್ಬನ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಹಣ ಕೈ ಬಿಡದು. ಹಾಗಿದ್ದರೂ ಕೊಟ್ಟ ಫಲ ಒಪ್ಪಿಗೆ ಕೇಳಿದವನದು. ಹೀಗೆ ಮೊದಲ ಪ್ರಯತ್ನ ಜೀವಾತ್ಮನದು, ಅದನ್ನು ನೋಡಿ ಒಳಗಿನ ಅಂತರ್ಯಾಮಿ ಅನುಮತಿ ಕೊಡುತ್ತಾನೆ. ಮಧ್ವರು ಇಷ್ಟು ಸಡಿಲ ಬಿಡುವುದಿಲ್ಲ. ಸ್ವತಂತ್ರನು ಹರಿ ಒಬ್ಬನೇ, ಅವನು ಪ್ರತಿ ಜೀವನನ್ನೂ ಅದರ ಅನಾದಿ ಸ್ವಭಾವಕ್ಕೆ ತಕ್ಕಂತೆ ನಡೆಸುತ್ತಾನೆ.

ಸುಳ್ಳು ಹೇಳಿದ್ದರ ಹೊಣೆ ಯಾರದು ಎಂಬುದೇ ನಿಮ್ಮ ಚಿಂತೆಯಾದರೆ ರಾಮಾನುಜರ ಉತ್ತರ ನಿಮಗೆ ಸಾಲಬಹುದು. ಆದರೆ ಆ ಮೊದಲ ಪ್ರಯತ್ನವೂ ಸರ್ವಜ್ಞನಿಗೆ ಮೊದಲೇ ಗೊತ್ತಿತ್ತಾ ಅಂತ ಕೇಳಿದರೆ, ಅಲ್ಲಿಂದ ಮುಂದೆ ನೀವು ಬೊಯಿಥಿಯಸ್ ಮತ್ತು ಗೆರ್ಸೋನಿಡಿಸ್ ನಡುವೆಯೇ ಒಬ್ಬರನ್ನು ಆರಿಸಿಕೊಳ್ಳಬೇಕಾಗುತ್ತದೆ.